ತಳ ಹಿಡಿದ ಪಾತ್ರೆಯನ್ನು ತಿಕ್ಕುವ ಮೊದಲು

ಹಾಲು ತಳ ಹಿಡಿದ ಸ್ಟೀಲ್ ಪಾತ್ರೆಯನ್ನು ಖಾಲಿ ಮಾಡಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ, ಕರಕಲು ತಳದ ತುಂಬ ಒಂದೇ ಸಮನೆ ಹರಡಿರುವುದಿಲ್ಲ. ನಡುಭಾಗ ಅಷ್ಟಿಷ್ಟು ಬೆಳ್ಳಗೇ ಉಳಿದಿರುತ್ತದೆ, ಅಂಚೂ ಹೊಳೆಯುತ್ತಿರುತ್ತದೆ. ಇವೆರಡರ ನಡುವೆ ಉಂಗುರದಂತೆ ಕಂದು ಪಟ್ಟಿಯೊಂದು ಸುತ್ತಿಕೊಂಡಿರುತ್ತದೆ. ಆ ಉಂಗುರದ ಅಗಲ ಗ್ಯಾಸ್ ಒಲೆಯ ಬರ್ನರಿನ ಅಗಲಕ್ಕೆ ಹೆಚ್ಚುಕಡಿಮೆ ಹೊಂದುತ್ತದೆ. ಉರಿ ತಾಗಿದ ಜಾಗದಲ್ಲೇ ಹಾಲು ಸೀದಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಇದಕ್ಕೆ ಕಾರಣ ಸ್ಟೀಲಿನ ಗುಣ. ಸ್ಟೇನ್‌ಲೆಸ್ ಸ್ಟೀಲ್ ಶಾಖವನ್ನು ಹರಡುವುದರಲ್ಲಿ ಬಲು ನಿಧಾನಿ. ಅಲ್ಯೂಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಮೀರಿ, ತಾಮ್ರ ಇಪ್ಪತ್ತು ಪಟ್ಟಿಗೂ ಮೀರಿ ಚೆನ್ನಾಗಿ ಶಾಖ ಹರಿಸುತ್ತವೆ. ತೆಳು ತಳದ ಸ್ಟೀಲ್ ಪಾತ್ರೆಯಲ್ಲಿ ಉರಿ ಮುಟ್ಟಿದ ಜಾಗ ಕಾದು ಕೆಂಡವಾಗುತ್ತಿದ್ದರೂ ಎರಡು ಬೆರಳು ಆಚೆಯ ಜಾಗ ಇನ್ನೂ ಬಿಸಿಯಾಗಿರುವುದಿಲ್ಲ. ತಾಮ್ರದ ತಳದ ಪಾತ್ರೆಗಳೂ, ನಡುವೆ ಅಲ್ಯೂಮಿನಿಯಂ ಹೊಕ್ಕ ಟ್ರೈಪ್ಲೈ ಪಾತ್ರೆಗಳೂ ಮಾರುಕಟ್ಟೆಗೆ ಬಂದದ್ದು ಈ ಕೊರತೆಯನ್ನು ತುಂಬಲೆಂದೇ.

ಪಾತ್ರೆ ಸೀದ ಮೇಲೆ ಸಾಮಾನ್ಯವಾಗಿ ಕೈ ಹೋಗುವುದು ತಂತಿಯ ಸ್ಕ್ರಬ್ಬರಿಗೆ. ಹತ್ತು ನಿಮಿಷ ತಿಕ್ಕಿದರೆ ಕರಕಲೇನೋ ಹೋಗುತ್ತದೆ. ಜೊತೆಗೆ ಪಾತ್ರೆಯ ಹೊಳಪೂ ಹೋಗುತ್ತದೆ. ಮುಂದಿನ ಸಲ ಹಾಲು ಅದೇ ಜಾಗದಲ್ಲಿ ಇನ್ನೂ ಬೇಗ ಹಿಡಿಯುತ್ತದೆ. ನಾನ್‌ಸ್ಟಿಕ್ ತವಾ ಆದರಂತೂ ಅದೇ ಹತ್ತು ನಿಮಿಷಕ್ಕೆ ಅದರ ಆಯುಷ್ಯವೇ ಮುಗಿಯುತ್ತದೆ. ತೋಳಿನ ಬಲ ಮಾಡುವ ಈ ಕೆಲಸವನ್ನು ಬಿಸಿನೀರು, ಸೋಡಾ ಮತ್ತು ಸಮಯ ಸೇರಿ ಗೀರಿಲ್ಲದೆ ಮಾಡಬಲ್ಲವು. ಆದರೆ ಯಾವ ಪಾತ್ರೆಗೆ ಎಷ್ಟು, ಯಾವ ಕಲೆಗೆ ಏನು ಎಂಬ ಲೆಕ್ಕ ಗೊತ್ತಿರಬೇಕು.

ಗೀರು ಬೀಳುವುದು ಹೇಗೆ

ಕಬ್ಬಿಣಕ್ಕೆ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಬೆರೆತರೆ ಅದು ಸ್ಟೇನ್‌ಲೆಸ್ ಸ್ಟೀಲ್ ಎನಿಸಿಕೊಳ್ಳುತ್ತದೆ. ಪಾತ್ರೆಯ ತಳದಲ್ಲಿ ‘18/8’ ಎಂದು ಅಚ್ಚು ಹಾಕಿದ್ದರೆ ಅದರಲ್ಲಿ ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್ ಇದೆ ಎಂದು ಅರ್ಥ. ಈ ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಪಾತ್ರೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟುತ್ತದೆ. ತುಕ್ಕು ಹಿಡಿಯದಂತೆ ಕಾಯುವುದು ಆ ಪದರವೇ. ಗೀರು ಬಿದ್ದರೂ ಗಾಳಿ ತಾಗುತ್ತಲೇ ಪದರ ತಾನಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ಗೀರು ಬಿದ್ದ ಸ್ಟೀಲ್ ಪಾತ್ರೆಯಲ್ಲಿ ಅಡುಗೆ ಮಾಡಲು ಹೆದರಬೇಕಿಲ್ಲ. ತೊಂದರೆ ಇರುವುದು ಬೇರೆ ಕಡೆ. ಒರಟಾದ ಮೈಯ ಸಣ್ಣ ಸಣ್ಣ ತಗ್ಗುಗಳಲ್ಲಿ ಹಾಲು, ಹಿಟ್ಟು, ಬೇಳೆ ಸೇರಿಕೊಂಡು ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ.

ಗೀರು ಬೀಳಿಸುವುದು ತಂತಿ ಮಾತ್ರ ಎಂದುಕೊಂಡರೆ ತಪ್ಪಾದೀತು. ಮನೆಮನೆಯಲ್ಲೂ ಇರುವ ಹಸಿರು ಸ್ಕ್ರಬ್ ಪ್ಯಾಡಿನ ನೂಲು ಮೆತ್ತಗಿದ್ದರೂ ಅದಕ್ಕೆ ಅಂಟಿಸಿರುವ ಸಣ್ಣ ಕಣಗಳು ಸಾಮಾನ್ಯವಾಗಿ ಅಲ್ಯೂಮಿನಿಯಂ ಆಕ್ಸೈಡಿನವು. ಉಜ್ಜುಕಾಗದದಲ್ಲಿ ಬಳಸುವುದೂ ಅದನ್ನೇ, ಅದು ಸ್ಟೀಲಿಗಿಂತ ಎಷ್ಟೋ ಗಟ್ಟಿ. ಹಿಂದೆ ಹಿತ್ತಲಲ್ಲಿ ಕೂತು ಬೂದಿ ಮತ್ತು ತೆಂಗಿನ ನಾರಿನಿಂದ ಪಾತ್ರೆ ತಿಕ್ಕುತ್ತಿದ್ದರಲ್ಲ, ಆ ಬೂದಿಯ ಕತೆಯೂ ಹೀಗೆಯೇ. ಸೌದೆಯ ಬೂದಿಯಲ್ಲಿ ಕ್ಷಾರವಿದೆ, ಅದು ಜಿಡ್ಡನ್ನು ಬಿಡಿಸುತ್ತದೆ. ಜೊತೆಗೆ ಮರಳಿನಂಥ ಸಿಲಿಕಾ ಕಣಗಳೂ ಇವೆ, ಅವು ಉಜ್ಜಿ ಗೀಚುತ್ತವೆ. ದಪ್ಪ ಹಿತ್ತಾಳೆ ಹಂಡೆಗೆ ಅದು ನಡೆಯುತ್ತಿತ್ತು. ಕನ್ನಡಿಯಂತೆ ಹೊಳೆಯುವ ಸ್ಟೀಲಿಗೆ ನಡೆಯುವುದಿಲ್ಲ.

ಒಂದು ಹಾಲಿನ ಪಾತ್ರೆ

ಸೀದ ಪದಾರ್ಥಗಳಲ್ಲಿ ಹಾಲಿನಷ್ಟು ಹಟಮಾರಿ ಇನ್ನೊಂದಿಲ್ಲ. ಹಾಲು 70 ಡಿಗ್ರಿ ಸೆಲ್ಸಿಯಸ್ ದಾಟುವಾಗ ಅದರ ತಿಳಿಯಲ್ಲಿರುವ ಪ್ರೋಟೀನುಗಳ ಸುರುಳಿ ಬಿಚ್ಚಿಕೊಂಡು, ಬಿಸಿ ಲೋಹಕ್ಕೆ ಅಂಟತೊಡಗುತ್ತದೆ. ಅದರ ಮೇಲೆ ಹಾಲಿನ ಕ್ಯಾಲ್ಸಿಯಂ ಲವಣಗಳು ಕೂರುತ್ತವೆ. ಉರಿ ಮುಂದುವರಿದರೆ ಹಾಲಿನ ಸಕ್ಕರೆಯೂ ಸೇರಿ ಇಡೀ ಪದರ ಕಂದಾಗಿ, ಕಪ್ಪಾಗುತ್ತದೆ. ಕೈಯಾಡಿಸದೆ ಬಿಟ್ಟ ಹಾಲು ಉಕ್ಕುವ ಮೊದಲೇ ತಳದಲ್ಲಿ ಹಿಡಿದಿರುವುದು ಹೀಗೆ.

ಮೂರು ಲೀಟರ್ ಹಿಡಿಯುವ ಸ್ಟೀಲ್ ಪಾತ್ರೆಯಲ್ಲಿ ಒಂದೂವರೆ ಲೀಟರ್ ಹಾಲು ಸೀದಿದೆ ಎಂದಿಟ್ಟುಕೊಳ್ಳಿ. ಮೊದಲು ಒಲೆ ಆರಿಸಿ, ಮೇಲಿನ ಹಾಲನ್ನು ತಳ ಕೆದಕದೆ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಬೇಕು. ಸೌಟು ತಳಕ್ಕೆ ತಾಗಿದರೆ ಕರಕಲು ಚೂರಾಗಿ ಹಾಲೆಲ್ಲ ಸೀದ ವಾಸನೆ ಹೊಡೆಯುತ್ತದೆ. ಖಾಲಿಯಾದ ಪಾತ್ರೆ ಕೈಗೆ ತಾಳುವಷ್ಟು ಆರಿದ ಮೇಲೆಯೇ ನೀರು ಹಾಕಬೇಕು. ಕಾದ ಪಾತ್ರೆಯನ್ನು ನಲ್ಲಿಯ ಕೆಳಗೆ ಹಿಡಿದರೆ ಚುರ್ ಎನ್ನುವುದೇನೋ ಸರಿ, ತೆಳು ತಳವಾದರೆ ಸೊಟ್ಟಗಾಗುವ ಸಂಭವವೂ ಇದೆ. ಸೊಟ್ಟಗಾದ ತಳ ಮುಂದೆ ಒಲೆಯ ಮೇಲೆ ಸಮನಾಗಿ ಕೂರದೆ ಮತ್ತೆ ಮತ್ತೆ ಒಂದೇ ಕಡೆ ಸೀಯುತ್ತದೆ.

ಈಗ ಕರಕಲು ಮುಳುಗುವಂತೆ ಸುಮಾರು ಅರ್ಧ ಲೀಟರ್ ನೀರು ಹಾಕಿ, ಅದಕ್ಕೆ ಒಂದು ಊಟದ ಚಮಚ ಅಡುಗೆ ಸೋಡಾ ಬೆರೆಸಬೇಕು. ಒಲೆಯ ಮೇಲಿಟ್ಟು ಕುದಿ ಬಂದ ಮೇಲೆ ಉರಿ ಸಣ್ಣಗೆ ಮಾಡಿ ಹತ್ತರಿಂದ ಹದಿನೈದು ನಿಮಿಷ ಬಿಡಬೇಕು. ನೀರು ನೊರೆಗಟ್ಟುತ್ತದೆ, ಆದ್ದರಿಂದ ಪಾತ್ರೆ ಕಾಲುಭಾಗಕ್ಕಿಂತ ಹೆಚ್ಚು ತುಂಬಿರಬಾರದು. ಐದಾರು ನಿಮಿಷದಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗತೊಡಗುತ್ತದೆ. ಕೆಲಸ ಶುರುವಾಗಿದೆ ಎನ್ನುವ ಗುರುತು ಅದೇ. ಇನ್ನು ಕೆಲವು ನಿಮಿಷ ಕಳೆದರೆ ಉಂಗುರದ ಅಂಚು ಲೋಹದಿಂದ ಸುರುಳಿಯಾಗಿ ಮೇಲೇಳುವುದು ಕಾಣುತ್ತದೆ.

ಇಲ್ಲಿ ಕುದಿಸುವುದಕ್ಕೊಂದು ಅರ್ಥವಿದೆ. ಅಡುಗೆ ಸೋಡಾ ತಣ್ಣೀರಿನಲ್ಲಿ ತೀರಾ ಸೌಮ್ಯ ಕ್ಷಾರ. ಕುದಿಯುವಾಗ ಅದರಿಂದ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಅದು ಕ್ರಮೇಣ ವಾಷಿಂಗ್ ಸೋಡಾ ಆಗಿ ಮಾರ್ಪಡುತ್ತದೆ. ಅದು ಮೊದಲಿನದಕ್ಕಿಂತ ಬಹಳ ಪ್ರಬಲ ಕ್ಷಾರ. ಪ್ರೋಟೀನನ್ನು ಉಬ್ಬಿಸಿ ಸಡಿಲಿಸುವುದು, ಜಿಡ್ಡನ್ನು ಸಾಬೂನಿನಂತಾಗಿಸಿ ಬಿಡಿಸುವುದು ಈ ಕ್ಷಾರವೇ. ಸೋಡಾವನ್ನು ತಣ್ಣೀರಿಗೆ ಹಾಕಿ ಇಟ್ಟು ‘ಏನೂ ಆಗಲಿಲ್ಲ’ ಎನ್ನುವವರು ಬಿಟ್ಟದ್ದು ಈ ಕುದಿಯನ್ನು.

ಒಲೆ ಆರಿಸಿದ ಮೇಲೆ ಒಂದು ಗಂಟೆ ಹಾಗೇ ಬಿಡುವುದು ಮೇಲು. ಆಮೇಲೆ ಮರದ ಸೌಟಿನ ಅಂಚಿನಿಂದ ಮೆಲ್ಲಗೆ ತಳ್ಳಿದರೆ ಕರಕಲು ಹಾಳೆ ಹಾಳೆಯಾಗಿ ಎದ್ದುಬರುತ್ತದೆ. ಏಳದೆ ಉಳಿದ ಜಾಗಕ್ಕೆ ಮೂರು ಪಾಲು ಸೋಡಾಕ್ಕೆ ಒಂದು ಪಾಲು ನೀರು ಕಲಸಿ ಹಚ್ಚಿ, ಕಾಲು ಗಂಟೆ ಬಿಟ್ಟು ಮೆತ್ತನೆಯ ಸ್ಪಂಜಿನಿಂದ ಉಜ್ಜಬಹುದು. ಸೋಡಾದ ಹರಳು ಸ್ಟೀಲಿಗಿಂತ ಮೆದು, ಗೀಚುವುದಿಲ್ಲ. ಪಾತ್ರೆಯ ಮೈಯಲ್ಲಿ ಪಾಲಿಶಿನ ಸಣ್ಣ ಗೆರೆಗಳು ಕಾಣುತ್ತಿದ್ದರೆ ಅವು ಓಡಿದ ದಿಕ್ಕಿನಲ್ಲೇ ಉಜ್ಜಬೇಕು. ಅಷ್ಟಾದರೂ ಕಪ್ಪು ಉಳಿದಿದ್ದರೆ ಬಲ ಹಾಕುವ ಬದಲು ಹೊಸ ನೀರು, ಹೊಸ ಸೋಡಾ ಹಾಕಿ ಇನ್ನೊಂದು ಸುತ್ತು ಕುದಿಸಬೇಕು. ದಪ್ಪ ಕರಕಲಿಗೆ ಎರಡು, ಮೂರು ಸುತ್ತು ಹಿಡಿಯುವುದು ಸಹಜ.

ಅನ್ನ, ಉಪ್ಪಿಟ್ಟು, ಬೇಳೆ ಸೀದಾಗಲೂ ಇದೇ ದಾರಿ. ಅವುಗಳಲ್ಲಿ ಪಿಷ್ಟವೇ ಹೆಚ್ಚಿರುವುದರಿಂದ ನೀರು ಕುಡಿದು ಬೇಗ ಮೆತ್ತಗಾಗುತ್ತವೆ. ಬೆಲ್ಲದ ಪಾಕ ಹಿಡಿದಿದ್ದರೆ ಸೋಡಾವೂ ಬೇಡ. ಪೂರ್ತಿ ಇದ್ದಿಲಾಗಿರದ ಪಾಕ ಬರೀ ನೀರು ಕುದಿಸಿದರೇ ಕರಗಿಹೋಗುತ್ತದೆ. ಕಲ್ಲಿನಂತಿರುವ ಪಾಕವನ್ನು ಚಾಕುವಿನಿಂದ ಕೆತ್ತಲು ಹೋದವರ ಪಾತ್ರೆಯಲ್ಲಿ ಮಾತ್ರ ಗೀರು ಉಳಿಯುತ್ತದೆ.

ಎಚ್ಚರಿಕೆಯ ಒಂದು ಮಾತು ಇಲ್ಲೇ ಹೇಳಬೇಕು. ಸೋಡಾ ಕುದಿಸುವ ಈ ಉಪಾಯ ಅಲ್ಯೂಮಿನಿಯಂ ಪಾತ್ರೆಗೆ ಸಲ್ಲದು. ಬಿಸಿ ಕ್ಷಾರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಒಳಮೈ ಮಂಕಾಗಿ ಕಪ್ಪಾಗುತ್ತದೆ. ಎಷ್ಟೋ ಮನೆಗಳ ಪ್ರೆಷರ್ ಕುಕ್ಕರ್ ಅಲ್ಯೂಮಿನಿಯಮ್ಮಿನದೇ ಆಗಿರುವುದರಿಂದ ಮೊದಲು ಪಾತ್ರೆ ಯಾವುದೆಂದು ನೋಡಿಕೊಳ್ಳಬೇಕು. ಕುಕ್ಕರ್ ಸ್ಟೀಲಿನದಾದರೂ ಸೋಡಾ ನೀರು ಕುದಿಸುವಾಗ ಮುಚ್ಚಳ ಹಾಕಬಾರದು, ನೊರೆ ಉಕ್ಕಿ ವಿಷಲ್ಲಿನ ನಳಿಗೆಗೆ ಸೇರಿಕೊಳ್ಳುತ್ತದೆ.

ಸೋಡಾಕ್ಕೆ ವಿನೆಗರ್ ಬೆರೆಸಿದರೆ

ಸೀದ ತಳಕ್ಕೆ ಸೋಡಾ ಚೆಲ್ಲಿ ಅದರ ಮೇಲೆ ವಿನೆಗರ್ ಅಥವಾ ನಿಂಬೆರಸ ಸುರಿಯುವುದು ಇತ್ತೀಚೆಗೆ ಬಹಳ ಜನಪ್ರಿಯ. ಬುಸ್ಸೆಂದು ಏಳುವ ನೊರೆ ನೋಡಲು ಚೆನ್ನ. ಆದರೆ ಕ್ಷಾರ, ಆಮ್ಲ ಎರಡೂ ಒಂದನ್ನೊಂದು ಕೊಂದುಕೊಂಡು ಕೊನೆಗೆ ಉಳಿಯುವುದು ನೀರು ಮತ್ತು ಸೋಡಿಯಂ ಅಸಿಟೇಟ್ ಎಂಬ ಸಪ್ಪೆ ಲವಣ. ಗುಳ್ಳೆಗಳು ಸಡಿಲವಾಗಿದ್ದ ಚೂರುಗಳನ್ನು ಒಂದಿಷ್ಟು ಅಲುಗಿಸಬಹುದು, ಅಷ್ಟೇ. ನೊರೆ ಇಳಿಯುವ ಹೊತ್ತಿಗೆ ಸೋಡಾದ ಶಕ್ತಿಯೂ ಇಲ್ಲ, ವಿನೆಗರಿನ ಶಕ್ತಿಯೂ ಇಲ್ಲ.

ಹಾಲಿನ ಡೈರಿಗಳು ಇದೇ ಎರಡು ಅಸ್ತ್ರಗಳನ್ನು ಬಳಸುವ ಕ್ರಮ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ದಿನವಿಡೀ ಹಾಲು ಕಾಯಿಸುವ ಸ್ಟೀಲಿನ ಯಂತ್ರಗಳ ಒಳಗೂ ಇದೇ ಪ್ರೋಟೀನು, ಇದೇ ಕ್ಯಾಲ್ಸಿಯಂ ಕಟ್ಟಿಕೊಳ್ಳುತ್ತವೆ. ಅಲ್ಲಿ ಯಾರೂ ಕೈ ಹಾಕಿ ತಿಕ್ಕುವುದಿಲ್ಲ. ಮೊದಲು ಬರೀ ನೀರು, ಆಮೇಲೆ ಬಿಸಿಯಾದ ಕಾಸ್ಟಿಕ್ ಸೋಡಾ ದ್ರಾವಣ, ಮತ್ತೆ ನೀರು, ಅದಾದ ಮೇಲೆ ಆಮ್ಲ, ಕೊನೆಗೆ ಮತ್ತೆ ನೀರು ಹೀಗೆ ಸರದಿಯಲ್ಲಿ ಕೊಳವೆಗಳೊಳಗೆ ಹರಿಸುತ್ತಾರೆ. ಕ್ಷಾರ ಪ್ರೋಟೀನು ಮತ್ತು ಕೊಬ್ಬನ್ನು ಬಿಡಿಸುತ್ತದೆ, ಆಮ್ಲ ಖನಿಜದ ಕಲೆಯನ್ನು ಕರಗಿಸುತ್ತದೆ. ಎರಡನ್ನೂ ಒಟ್ಟಿಗೆ ಬೆರೆಸುವುದಿಲ್ಲ. ಕಾಸ್ಟಿಕ್ ಸೋಡಾ ಚರ್ಮವನ್ನು ಸುಡುವ ವಸ್ತು, ಅಡುಗೆಮನೆಗೆ ತರಬಾರದು. ಮನೆಗೆ ತರಬೇಕಾದ್ದು ಆ ಸರದಿಯನ್ನು ಮಾತ್ರ.

ಹಾಗೆಂದು ವಿನೆಗರಿಗೆ ಕೆಲಸವೇ ಇಲ್ಲವೆಂದಲ್ಲ. ಸೋಡಾದಿಂದ ಕರಕಲು ಹೋದ ಮೇಲೆ ಸ್ಟೀಲಿನ ತಳದಲ್ಲಿ ನೀಲಿ, ನೇರಳೆ, ಹೊಂಬಣ್ಣದ ಛಾಯೆ ಕಾಣುವುದುಂಟು. ಅದು ಕೊಳೆಯಲ್ಲ, ಅತಿ ಬಿಸಿಗೆ ದಪ್ಪಗಾದ ಆಕ್ಸೈಡ್ ಪದರ. ಬೋರ್‌ವೆಲ್‌ನ ಗಡಸು ನೀರು ಬಳಸುವ ಮನೆಗಳಲ್ಲಿ ಸುಣ್ಣದಂಥ ಬಿಳಿ ಮಚ್ಚೆಗಳೂ ಇರುತ್ತವೆ. ಪಾತ್ರೆಯನ್ನು ಚೆನ್ನಾಗಿ ತೊಳೆದು ಎರಡು ಚಮಚ ವಿನೆಗರ್ ಅಥವಾ ಅರ್ಧ ಹೋಳು ನಿಂಬೆಯಿಂದ ಒರೆಸಿ, ಐದು ನಿಮಿಷ ಬಿಟ್ಟು ತೊಳೆದರೆ ಇವೆರಡೂ ಹೋಗುತ್ತವೆ. ಹುಣಸೆಹಣ್ಣಿನದೂ ಇದೇ ಜಾತಿಯ ಕೆಲಸ. ಹಿತ್ತಾಳೆ, ತಾಮ್ರದ ಕಿಲುಬನ್ನು ಅದು ಕ್ಷಣದಲ್ಲಿ ಕರಗಿಸುತ್ತದೆ. ಸೀದ ಹಾಲು ಕಿಲುಬಲ್ಲ, ಹಾಗಾಗಿ ಅದರ ಮುಂದೆ ಹುಣಸೆಯ ಆಟ ಹೆಚ್ಚು ನಡೆಯುವುದಿಲ್ಲ.

ಸೀದ ಸ್ಟೀಲ್ ಪಾತ್ರೆಗೆ ರಾತ್ರಿಯಿಡೀ ಉಪ್ಪುನೀರು ತುಂಬಿಡಬಾರದು, ಬಟ್ಟೆ ಒಗೆಯುವ ಬ್ಲೀಚ್ ಹಾಕಲೂ ಬಾರದು. ಎರಡರಲ್ಲೂ ಇರುವ ಕ್ಲೋರೈಡ್ ಕ್ರೋಮಿಯಂ ಪದರವನ್ನು ಅಲ್ಲಲ್ಲಿ ತೂತು ಮಾಡಿ, ಸೂಜಿಯಿಂದ ಚುಚ್ಚಿದಂಥ ಗುಳಿಗಳನ್ನು ಉಳಿಸುತ್ತದೆ. ಗೀರಿನಂತಲ್ಲದೆ ಆ ಗುಳಿಗಳು ತುಂಬಿಕೊಳ್ಳುವುದೇ ಇಲ್ಲ.

ನಾನ್‌ಸ್ಟಿಕ್ ತವಾದ ಲೆಕ್ಕ ಬೇರೆ

1938ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞ ಫ್ರಿಜ್‌ಗೆ ಬೇಕಾದ ಅನಿಲಗಳ ಮೇಲೆ ಕೆಲಸ ಮಾಡುತ್ತಿದ್ದಾಗ ಸಿಲಿಂಡರೊಂದರಲ್ಲಿ ಅನಿಲದ ಬದಲು ಜಾರುವ ಬಿಳಿ ಪುಡಿ ಸಿಕ್ಕಿತು. ಅದೇ ಪಿಟಿಎಫ್‌ಇ, ಮಾರುಕಟ್ಟೆಯ ಹೆಸರು ಟೆಫ್ಲಾನ್. ಅದನ್ನು ಅಲ್ಯೂಮಿನಿಯಂ ಬಾಣಲೆಗೆ ಅಂಟಿಸುವ ದಾರಿಯನ್ನು 1950ರ ದಶಕದಲ್ಲಿ ಕಂಡುಕೊಂಡವನು ಫ್ರಾನ್ಸಿನ ಎಂಜಿನಿಯರ್ ಮಾರ್ಕ್ ಗ್ರೆಗ್ವಾರ್. ಯಾವುದಕ್ಕೂ ಅಂಟದ ವಸ್ತುವನ್ನು ಲೋಹಕ್ಕೆ ಅಂಟಿಸಲು ಲೋಹದ ಮೈಯನ್ನು ಮೊದಲು ಒರಟು ಮಾಡಬೇಕಾಗುತ್ತದೆ. ಆ ಪದರ ಕೂದಲೆಳೆಗಿಂತ ತೆಳು, ಮೇಲಾಗಿ ಮೆದು. ಸ್ಟೀಲಿನ ಪದರದಂತೆ ಅದು ತಾನಾಗಿ ಮರಳಿ ಬೆಳೆಯುವುದಿಲ್ಲ. ಒಮ್ಮೆ ಕಿತ್ತರೆ ಕಿತ್ತಿತು.

ಹಾಗಾದರೆ ಅಂಟದ ತವಾಕ್ಕೆ ದೋಸೆ ಅಂಟುವುದೇಕೆ? ಬಹಳ ಸಲ ತಪ್ಪು ಪದರದ್ದಲ್ಲ, ಎಣ್ಣೆಯದು. ಪ್ರತಿ ದೋಸೆಗೂ ಸವರಿದ ಎಣ್ಣೆ ಪೂರ್ತಿ ತೊಳೆದುಹೋಗದೆ ಉಳಿದು, ಕಾದು ಕಾದು ಕಂದು ಬಣ್ಣದ ಅರಗಿನಂಥ ಪೊರೆಯಾಗುತ್ತದೆ. ಆಮೇಲೆ ಹಿಟ್ಟು ಕಚ್ಚುವುದು ಈ ಪೊರೆಯನ್ನು. ತಣ್ಣಗಿರುವ ತವಾದ ಮೇಲೆ ಒದ್ದೆ ಬೆರಳಾಡಿಸಿ ಪರೀಕ್ಷಿಸಬಹುದು. ಬೆರಳಿಗೆ ತುಸು ಅಂಟಂಟಾಗಿ, ಕಣ್ಣಿಗೆ ಕಂದಾಗಿ ಇದ್ದರೆ ಅದು ಎಣ್ಣೆಯ ಪೊರೆ, ತೊಳೆದರೆ ಹೋಗುತ್ತದೆ. ಬೆರಳಿಗೆ ಒರಟಾಗಿ, ಬೂದು ಇಲ್ಲವೇ ಬೆಳ್ಳಿಯ ಬಣ್ಣದ ಲೋಹ ಇಣುಕುತ್ತಿದ್ದರೆ ಪದರವೇ ಸವೆದಿದೆ, ತೊಳೆದು ಪ್ರಯೋಜನವಿಲ್ಲ.

ಪೊರೆ ತೆಗೆಯುವ ಕೆಲಸ ಹೀಗೆ. ತವಾ ತಾನಾಗಿ ಆರಲಿ. ಕಾದ ನಾನ್‌ಸ್ಟಿಕ್ಕಿಗೆ ತಣ್ಣೀರು ಸುರಿದರೆ ಲೋಹ ಒಮ್ಮೆಲೇ ಕುಗ್ಗುತ್ತದೆ, ತಳ ಸೊಟ್ಟಗಾಗುತ್ತದೆ, ಪದರದ ಹಿಡಿತವೂ ಸಡಿಲವಾಗುತ್ತದೆ. ಅಂಚು ಎತ್ತರವಿರುವ ಬಾಣಲೆಯಾದರೆ ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಸೋಡಾ, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಸಣ್ಣ ಉರಿಯಲ್ಲಿ ಐದು ನಿಮಿಷ ಇಟ್ಟರೆ ಸಾಕು. ಸ್ಟೀಲಿಗೆ ಹಾಕಿದಷ್ಟು ಸೋಡಾ, ಕುದಿಸಿದಷ್ಟು ಹೊತ್ತು ಇಲ್ಲಿ ಬೇಡ. ಏಕೆಂದರೆ ಪದರದ ಅಡಿಯಲ್ಲೂ, ಎಷ್ಟೋ ತವಾಗಳ ಹೊರತಳದಲ್ಲೂ ಇರುವುದು ಅಲ್ಯೂಮಿನಿಯಂ.

ದೋಸೆ ತವಾ ಚಪ್ಪಟೆ, ನೀರು ನಿಲ್ಲುವುದಿಲ್ಲ. ಅದಕ್ಕೆ ಹಳೆಯ ಹತ್ತಿ ಬಟ್ಟೆಯೊಂದನ್ನು ಬಿಸಿಯಾದ ಸೋಡಾ ನೀರಿನಲ್ಲಿ ಅದ್ದಿ, ತವಾದ ಮೇಲೆ ಹಾಸಿ ಇಪ್ಪತ್ತು ನಿಮಿಷ ಬಿಡಬೇಕು. ಪೊರೆ ಮೆತ್ತಗಾದ ಮೇಲೆ ಅದೇ ಬಟ್ಟೆಯಿಂದಲೋ ಸ್ಪಂಜಿನ ಮೆತ್ತನೆ ಬದಿಯಿಂದಲೋ ಸುತ್ತ ಸುತ್ತ ಒರೆಸಿದರೆ ಬಟ್ಟೆಗೆ ಕಂದು ಬಣ್ಣ ಹತ್ತುತ್ತದೆ. ಬಣ್ಣ ಹತ್ತುವುದು ನಿಲ್ಲುವವರೆಗೆ ಒಂದೆರಡು ಸಲ ಹೀಗೆ ಮಾಡಬಹುದು. ಎರಡು ಬದಿಯ ಸ್ಪಂಜಾದರೆ ಹಸಿರು ಬದಿ ತವಾಕ್ಕೆ ತಾಗಕೂಡದು. ಪಾತ್ರೆ ತೊಳೆಯುವ ಬಾರ್ ಸೋಪುಗಳಲ್ಲಿ ಖನಿಜದ ಪುಡಿ ಬೆರೆತಿರುವುದರಿಂದ ನಾನ್‌ಸ್ಟಿಕ್ಕಿಗೆ ಲಿಕ್ವಿಡ್ಡೇ ವಾಸಿ. ಕೊನೆಗೆ ಒಣಗಿದ ತವಾದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಬೇಕು. ಹನಿಗಳು ಮಣಿಯಾಗಿ ನಿಂತರೆ ಪೊರೆ ಹೋಗಿದೆ. ಎಲ್ಲಾದರೂ ಹನಿ ಹರಡಿಕೊಂಡರೆ ಆ ಜಾಗಕ್ಕೆ ಇನ್ನೊಂದು ಸುತ್ತು ಬೇಕು.

ಖಾಲಿ ನಾನ್‌ಸ್ಟಿಕ್ ಬಾಣಲೆಯನ್ನು ದೊಡ್ಡ ಉರಿಯಲ್ಲಿಟ್ಟು ಮರೆತದ್ದಾದರೆ ಅದು ಬೇರೆಯೇ ಸಂಗತಿ. ಪಿಟಿಎಫ್‌ಇ ಪದರದ ಬಳಕೆಗೆ ಸುಮಾರು 260 ಡಿಗ್ರಿಯ ಮಿತಿ ಹೇಳುತ್ತಾರೆ, ಖಾಲಿ ಬಾಣಲೆ ಕೆಲವೇ ನಿಮಿಷದಲ್ಲಿ ಅದನ್ನು ದಾಟಬಲ್ಲದು. ಅತಿಯಾಗಿ ಕಾದ ಪದರದಿಂದ ಏಳುವ ಹೊಗೆ ಮನುಷ್ಯರಲ್ಲಿ ಜ್ವರದಂಥ ಲಕ್ಷಣ ತರುತ್ತದೆ, ಪಂಜರದ ಹಕ್ಕಿಗಳಿಗಂತೂ ಪ್ರಾಣಾಂತಿಕ. ಅಂಥ ಬಾಣಲೆಯ ಪದರ ಬಣ್ಣಗೆಟ್ಟು, ಗುಳ್ಳೆಯೆದ್ದಿದ್ದರೆ ಅದನ್ನು ತೊಳೆಯುವ ಪ್ರಶ್ನೆಯೇ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಕೂಡ ಪದರ ಸವೆದ, ಹಾಳಾದ ನಾನ್‌ಸ್ಟಿಕ್ ಪಾತ್ರೆಗಳನ್ನು ಬಿಟ್ಟುಬಿಡಿ ಎಂದೇ ಹೇಳುತ್ತದೆ.

ಒಟ್ಟಿನಲ್ಲಿ ಸೀದ ಸ್ಟೀಲ್ ಪಾತ್ರೆಯನ್ನು ಎಸೆಯುವ ಪ್ರಮೇಯ ಬರುವುದೇ ಅಪರೂಪ. ಎಷ್ಟೇ ಕಪ್ಪಾಗಿದ್ದರೂ ಎರಡು, ಮೂರು ಸುತ್ತು ಸೋಡಾ ಕುದಿಗೆ ಅದು ಮಣಿಯುತ್ತದೆ. ನಾನ್‌ಸ್ಟಿಕ್ಕಿನಲ್ಲಿ ಎಣ್ಣೆಯ ಪೊರೆಯಿದ್ದರೆ ತೊಳೆದು ಬಳಸಿ, ಲೋಹ ಕಾಣುತ್ತಿದ್ದರೆ ಹೊಸದು ಕೊಳ್ಳಿ. ಮನೆಯಲ್ಲಿ ಪಾತ್ರೆ ತೊಳೆಯಲು ಬರುವವರಿದ್ದರೆ ಸೀದ ಪಾತ್ರೆಯನ್ನು ಹಾಗೇ ಸಿಂಕಿಗೆ ಹಾಕದೆ, ಸೋಡಾ ನೀರು ಕುದಿಸಿಟ್ಟು ಆಮೇಲೆ ಕೊಡಿ. ತಂತಿ ಸ್ಕ್ರಬ್ಬರನ್ನು ಕಬ್ಬಿಣದ ಹೆಂಚಿಗಷ್ಟೇ ಮೀಸಲಿಡಿ.